ಫ್ರೀಜರ್‌ನೊಳಗೆ ಒಣಗುವ ಮಾಂಸ

ಹೊಸತೊಡಕಿಗೆ ತಂದ ಗುಡ್ಡೆ ಮಾಂಸದಲ್ಲಿ ಮಿಕ್ಕ ಪಾಲು ಮೂರು ತಿಂಗಳ ಮೇಲೆ ಕುರುಬರಹಳ್ಳಿಯ ಮನೆಯೊಂದರ ಫ್ರೀಜರ್‌ನಿಂದ ಹೊರಬಂತು. ತೆಳು ಕವರಿಗೆ ಗಂಟು ಹಾಕಿ ಹಾಗೇ ಇಟ್ಟದ್ದು. ಕವರಿನ ಒಳಮೈಗೆಲ್ಲ ಹಿಮದ ಹರಳು, ತುಂಡುಗಳ ಮೇಲೆ ಬೂದುಗಂದು ಮಚ್ಚೆ, ಮುಟ್ಟಿದರೆ ಒಣಚರ್ಮದ ಹಾಗೆ. "ಕೆಟ್ಟೋಗಿದೆ, ಬಿಸಾಕು" ಅಂದರು ಅತ್ತೆ. ಸೊಸೆಗೆ ಮನಸ್ಸು ಬರಲಿಲ್ಲ.

ಸೊಸೆಯದೇ ಸರಿ. ಅದು ಕೊಳೆತ ಮಾಂಸವಲ್ಲ, ಒಣಗಿದ ಮಾಂಸ. ಇದಕ್ಕೆ ಫ್ರೀಜರ್ ಬರ್ನ್ ಎನ್ನುತ್ತಾರೆ, ಆದರೆ ಇಲ್ಲಿ ಸುಡುವುದು ಏನೂ ಇಲ್ಲ. ಮಾಂಸದ ಮೇಲ್ಪದರದ ಮಂಜುಗಡ್ಡೆ ನೀರಾಗದೆಯೇ ಆವಿಯಾಗಿ ಫ್ರೀಜರ್‌ನ ಒಣಗಾಳಿಗೆ ಸೇರುತ್ತದೆ. ಕವರಿಗೆ ಅಂಟಿದ ಹರಳುಗಳು ಮಾಂಸದಿಂದಲೇ ಹೊರಟ ನೀರು. ನೀರು ಬಿಟ್ಟುಹೋದ ಸಣ್ಣ ತೂತುಗಳಿಗೆ ಗಾಳಿ ನುಗ್ಗುತ್ತದೆ. ಆಮ್ಲಜನಕ ತಾಗಿ ಬಣ್ಣ ಮಾಸುತ್ತದೆ, ಕೊಬ್ಬು ಕಮಟುತ್ತದೆ.

ಫ್ರಾಸ್ಟ್-ಫ್ರೀ ಫ್ರಿಜ್‌ಗಳಲ್ಲಿ ಇದು ಬೇಗ. ಅವು ಕೂಲಿಂಗ್ ಕಾಯಿಲ್ ಮೇಲಿನ ಹಿಮ ಕರಗಿಸಲು ಆಗಾಗ ಹೀಟರ್ ಹಾಕಿಕೊಳ್ಳುತ್ತವೆ. ಉಷ್ಣತೆ ಏರಿಳಿದಂತೆಲ್ಲ ಮಾಂಸದ ತೇವ ಒಂದಿಷ್ಟು ಹೊರಬೀಳುತ್ತದೆ.

ತಿಂದರೆ ತೊಂದರೆಯಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹೋಗುವುದು ರುಚಿ ಮಾತ್ರ. ಆ ಮನೆಯಲ್ಲಿ ಮಚ್ಚೆಯಿದ್ದ ಭಾಗವನ್ನು ಕೊಯ್ದು ತೆಗೆದು, ಉಳಿದದ್ದಕ್ಕೆ ಖಾರ ಅರೆದು ಸಾರು ಮಾಡಿದರು. ಮಚ್ಚೆ ತುಂಡಿನ ಆಳಕ್ಕೂ ಇಳಿದಿದ್ದರೆ ಅದು ಬೆಂದರೂ ನಾರುನಾರು, ಎಸೆಯುವುದೇ ಮೇಲು. ಆದರೆ ಒಂದನ್ನು ಮರೆಯಬಾರದು: ಫ್ರೀಜರ್ ಬ್ಯಾಕ್ಟೀರಿಯಾವನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಬಹಳ ಹೊತ್ತು ಕರೆಂಟ್ ಹೋಗಿ ಮಾಂಸ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ, ಕರಗಿದ ಮೇಲೆ ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದರೆ, ಮಚ್ಚೆ ಇರಲಿ ಬಿಡಲಿ, ಅದು ಕೆಟ್ಟದ್ದೇ.

ಹೀಗೆ ಒಣಗದಂತೆ ತಡೆಯಲು ಸೊಗಸಾದ ಉಪಾಯ ಇರುವುದು ಸಿಗಡಿ ಉದ್ಯಮದಲ್ಲಿ. ಹೆಪ್ಪುಗಟ್ಟಿದ ಸಿಗಡಿಯನ್ನು ತಣ್ಣೀರಿನಲ್ಲಿ ಅದ್ದಿಯೋ ನೀರು ಸಿಂಪಡಿಸಿಯೋ ತೆಗೆಯುತ್ತಾರೆ. ಮೈತುಂಬ ಮಂಜಿನ ತೆಳುಪದರ ಕೂರುತ್ತದೆ. ಅದೇ ಗ್ಲೇಜಿಂಗ್. ಫ್ರೀಜರ್‌ನ ಗಾಳಿ ಮೊದಲು ಆ ಪದರವನ್ನು ಹೀರಬೇಕು, ಅಲ್ಲಿಯವರೆಗೆ ಸಿಗಡಿ ಕ್ಷೇಮ. ಪ್ಯಾಕೆಟ್ ಮೇಲಿನ 'ಗ್ಲೇಜ್ ಬಿಟ್ಟು ನಿವ್ವಳ ತೂಕ' ಎಂಬ ಲೆಕ್ಕ ಬಂದದ್ದೇ ಹೀಗೆ. ಮನೆಯಲ್ಲೂ ಮೀನಿನ ತುಂಡುಗಳನ್ನು ಡಬ್ಬಿಯಲ್ಲಿಟ್ಟು ಮುಳುಗುವಷ್ಟು ನೀರು ಸುರಿದು ಹೆಪ್ಪುಗಟ್ಟಿಸಬಹುದು.

ಮಾಂಸಕ್ಕೆ ಆ ಕೆಲಸ ಮಾಡುವುದು ಪ್ಲಾಸ್ಟಿಕ್. ಕವರಿನೊಳಗೆ ಗಾಳಿ ಉಳಿದರೆ ಎಷ್ಟು ಬಿಗಿ ಗಂಟು ಹಾಕಿದರೂ ವ್ಯರ್ಥ. ಒಂದು ಹೊತ್ತಿಗೆ ಬೇಕಾದಷ್ಟನ್ನೇ ವಿಂಗಡಿಸಿ, ಒರೆಸಿ, ಕ್ಲಿಂಗ್ ಫಿಲ್ಮನ್ನು ಮಾಂಸಕ್ಕೇ ಅಂಟುವಂತೆ ಸುತ್ತಬೇಕು. ಆಮೇಲೆ ದಪ್ಪನೆಯ ಜಿಪ್ ಕವರಿಗೆ ಹಾಕಿ, ಬಾಯಿಯಷ್ಟೇ ಮೇಲಿರುವಂತೆ ನೀರಿನ ಪಾತ್ರೆಯಲ್ಲಿ ನಿಧಾನ ಇಳಿಸಿದರೆ ನೀರಿನ ಒತ್ತಡವೇ ಗಾಳಿಯನ್ನು ಹೊರದೂಡುತ್ತದೆ. ಆಗ ಜಿಪ್ ಎಳೆದರಾಯಿತು. ಇಷ್ಟು ಮಾಡುವವರಿಗೆ ವ್ಯಾಕ್ಯೂಮ್ ಮಷೀನಿನ ಖರ್ಚು ಬೇಕಿಲ್ಲ. ಮೂಳೆಯ ಚೂಪು ತುದಿ ಮಾತ್ರ ಕವರನ್ನು ತೂತು ಮಾಡುತ್ತದೆ. ಅಲ್ಲಿ ಫಿಲ್ಮ್ ಎರಡು ಸುತ್ತು ಹೆಚ್ಚಿರಲಿ.

ಹೀಗೆ ಸುತ್ತಿದರೆ ದೊಡ್ಡ ತುಂಡುಗಳು ಆರೇಳು ತಿಂಗಳು ರುಚಿಯಾಗಿಯೇ ಇರುತ್ತವೆ. ಖೀಮಾ ಮೂರು ನಾಲ್ಕು ತಿಂಗಳಲ್ಲೇ ಸೊರಗುತ್ತದೆ, ಕೊಚ್ಚಿದಾಗಲೇ ಅದರೊಳಗೆಲ್ಲ ಗಾಳಿ ಬೆರೆತಿರುತ್ತದೆ. ಫ್ರೀಜರ್‌ನಿಂದ ಮೊದಲು ತೆಗೆಯಬೇಕಾದ್ದು ಅದನ್ನೇ.