ಪರೀಕ್ಷೆಗೆ ಮುಂಚೆ ಮೇಷ್ಟ್ರಿಗೊಂದು ಪತ್ರ

‘ಪರೀಕ್ಷೆ ಅಂದರೆ ನನಗೆ ತುಂಬಾ ಭಯ, ದಯವಿಟ್ಟು ಸಹಾಯ ಮಾಡಿ ಸರ್’ ಎಂದು ಬರೆದ ಪತ್ರ ಕೈಗೆ ಬಂದರೆ ಉಪನ್ಯಾಸಕರು ಏನು ಮಾಡಿಯಾರು? ಕರೆದು ಧೈರ್ಯ ಹೇಳಿಯಾರು. ‘ಭಯ ಯಾರಿಗಿಲ್ಲಮ್ಮಾ, ಚೆನ್ನಾಗಿ ಓದು’ ಎಂದು ಕಳಿಸಿಯಾರು. ಅವರದೇನೂ ತಪ್ಪಿಲ್ಲ, ಅವರು ಮಾಡಬೇಕಾದ ಕೆಲಸ ಯಾವುದೆಂದು ಪತ್ರದಲ್ಲಿ ಎಲ್ಲೂ ಇರಲಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಿ.ಎಸ್ಸಿ. ಮೂರನೇ ಸೆಮಿಸ್ಟರಿನ ವಿದ್ಯಾರ್ಥಿನಿ. ಪ್ಯಾನಿಕ್ ಡಿಸಾರ್ಡರ್‌ಗೆ ಮನೋವೈದ್ಯರ ಚಿಕಿತ್ಸೆಯಲ್ಲಿದ್ದಾಳೆ. ಒಂದು ಗಂಟೆಯ ಇಂಟರ್ನಲ್ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಸ್ವಲ್ಪ ಹೊತ್ತಿಗೆ ಎದೆ ಹೊಡೆದುಕೊಳ್ಳಲು ಶುರು, ಬೆರಳು ನಡುಗಿ ಅಕ್ಷರ ಸೊಟ್ಟಗಾಗುತ್ತದೆ, ಉಸಿರು ಸಾಲುವುದಿಲ್ಲ. ಇಂಥ ಆಘಾತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತಾರಕಕ್ಕೇರಿ ಆಮೇಲೆ ತಾನೇ ಇಳಿಯುತ್ತದೆ. ಆದರೆ ಮತ್ತೆ ಪೆನ್ನು ಹಿಡಿಯುವಷ್ಟರಲ್ಲಿ ಇಪ್ಪತ್ತು ನಿಮಿಷ ಕೈಬಿಟ್ಟಿರುತ್ತದೆ. ಓದಿದ್ದೆಲ್ಲ ತಲೆಯಲ್ಲಿದ್ದೂ ಉತ್ತರಪತ್ರಿಕೆಗೆ ಇಳಿಯುವುದಿಲ್ಲ.

ಅವಳ ಪತ್ರದ ತಿರುಳು ಹೀಗಿದ್ದರೆ ಕೆಲಸ ಆಗುತ್ತದೆ:

‘ಮಾನ್ಯ ಮೇಡಂ, ನಾನು ಪ್ಯಾನಿಕ್ ಡಿಸಾರ್ಡರ್‌ಗೆ ಚಿಕಿತ್ಸೆ ಪಡೆಯುತ್ತಿದ್ದೇನೆ. ಪರೀಕ್ಷೆಯ ನಡುವೆ ಆಘಾತ ಬಂದರೆ ಸುಮಾರು ಇಪ್ಪತ್ತು ನಿಮಿಷ ಬರೆಯಲು ಆಗುವುದಿಲ್ಲ. ಆದ್ದರಿಂದ ಮುಂದಿನ ಇಂಟರ್ನಲ್‌ನಲ್ಲಿ ಬಾಗಿಲ ಪಕ್ಕದ ಜಾಗ, ಬೇಕಾದಾಗ ಮೇಲ್ವಿಚಾರಕರ ಕಣ್ಣಳತೆಯಲ್ಲೇ ಐದು ನಿಮಿಷ ಹೊರಗೆ ನಿಲ್ಲಲು ಅನುಮತಿ ಮತ್ತು ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೋರುತ್ತೇನೆ. ಪ್ರಶ್ನೆಪತ್ರಿಕೆಯಲ್ಲಾಗಲಿ ಮೌಲ್ಯಮಾಪನದಲ್ಲಾಗಲಿ ಬದಲಾವಣೆ ಬೇಡ. ವೈದ್ಯರ ಪತ್ರ ಲಗತ್ತಿಸಿದೆ.’

ಇಲ್ಲಿ ಕಾಯಿಲೆಯ ಕಥೆ ಒಂದೇ ಸಾಲು. ಮನೆಯ ಜಗಳ, ಮಾತ್ರೆಯ ಹೆಸರು, ಮೊದಲ ಸಲ ಆಘಾತ ಬಂದ ದಿನ ಯಾವುದೂ ಇಲ್ಲ, ಇರಬೇಕಾಗಿಯೂ ಇಲ್ಲ. ಹಾಲಿನಲ್ಲಿ ಏನಾಗುತ್ತದೆ, ಅದಕ್ಕೆ ಏನು ಬೇಕು ಎಂಬುದಷ್ಟೇ ಇದೆ. ವೈದ್ಯರ ಪತ್ರವೂ ಹೀಗೇ ಇರಬೇಕು. ‘ಆತಂಕದ ಕಾಯಿಲೆಯಿಂದ ಬಳಲುತ್ತಿದ್ದಾರೆ’ ಎಂದು ಒಂದು ಸಾಲು ಗೀಚಿಸಿಕೊಂಡು ಬರುವವರೇ ಹೆಚ್ಚು. ‘ಇದರಿಂದ ನಿಗದಿತ ಸಮಯದಲ್ಲಿ ಬರೆಯುವುದು ಕಷ್ಟವಾಗುತ್ತದೆ, ಇಂಥ ಅನುಕೂಲ ಸೂಕ್ತ’ ಎಂದು ಬರೆಸಿಕೊಳ್ಳಬೇಕಾದದ್ದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಇನ್ನು ಪತ್ರ ಯಾರಿಗೆ ಎಂಬ ಪ್ರಶ್ನೆ. ಇಂಟರ್ನಲ್ ನಡೆಸುವುದು ಕಾಲೇಜು, ಹಾಗಾಗಿ ಅದು ಉಪನ್ಯಾಸಕರು ಮತ್ತು ವಿಭಾಗದ ಮುಖ್ಯಸ್ಥರ ಮಟ್ಟದಲ್ಲೇ ಮುಗಿಯಬಹುದು. ಸೆಮಿಸ್ಟರ್ ಕೊನೆಯ ಪರೀಕ್ಷೆ ವಿಶ್ವವಿದ್ಯಾಲಯದ್ದು. ಅಲ್ಲಿ ಎಷ್ಟೇ ಒಳ್ಳೆಯ ಮೇಷ್ಟ್ರೂ ಒಂದು ನಿಮಿಷ ಹೆಚ್ಚು ಕೊಡಲಾರರು. ಆ ಅರ್ಜಿ ಪ್ರಾಂಶುಪಾಲರ ಮೂಲಕ ಮೌಲ್ಯಮಾಪನ ಕುಲಸಚಿವರಿಗೆ ಹೋಗಬೇಕು, ಅದೂ ಹಾಲ್ ಟಿಕೆಟ್ ಬಂದ ಮೇಲಲ್ಲ, ಪರೀಕ್ಷಾ ಅರ್ಜಿ ತುಂಬುವ ಹೊತ್ತಿಗೆ.

ಕಾನೂನಿನ ಆಸರೆಯೂ ಇದೆ, ಅದಕ್ಕೊಂದು ಮಿತಿಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಮಾರ್ಪಾಡು ಮಾಡಬೇಕೆಂದು ಅದರ 17ನೇ ಸೆಕ್ಷನ್ ಹೇಳುತ್ತದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇರುವವರ ವಿಷಯದಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಎಂಬ ಲೆಕ್ಕವನ್ನು ಕೇಂದ್ರದ 2018ರ ಮಾರ್ಗಸೂಚಿ ಕೊಟ್ಟಿತು. ಆತಂಕದ ಕಾಯಿಲೆ ಮಾತ್ರ ಇದ್ದವರಿಗೆ ಆ ಶೇ 40 ಸಿಗುವುದು ಸುಲಭವಲ್ಲ. ಸೀದಾ ನಡೆದಾಡುತ್ತ, ಕಾಲೇಜಿಗೆ ಬರುತ್ತ ಇರುವವರನ್ನು ಅಳತೆಗೋಲು ಹೆಚ್ಚಾಗಿ ಕೆಳಗೇ ಇಡುತ್ತದೆ. ಹಾಗೆಂದು ಬಾಗಿಲು ಮುಚ್ಚಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಅವರು ಯುಪಿಎಸ್‌ಸಿ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಡುತ್ತ, ಸೂಕ್ತ ಅನುಕೂಲ ಪಡೆಯುವುದಕ್ಕೆ ಶೇ 40ರ ಗೆರೆ ದಾಟಿರಲೇಬೇಕೆಂದಿಲ್ಲ ಎಂದಿತು. ಆ ತೀರ್ಪು ಆತಂಕದ ಬಗೆಗಲ್ಲ, ಬರೆಯಲು ಸಹಾಯಕರನ್ನು ಒದಗಿಸುವ ಬಗೆಗಿನದು. ಆದರೂ ಅರ್ಜಿಯಲ್ಲಿ ಉಲ್ಲೇಖಿಸಲು ಯೋಗ್ಯ.

ಕೇಳಬಾರದ್ದೂ ಒಂದಿದೆ: ಪರೀಕ್ಷೆಯಿಂದಲೇ ವಿನಾಯಿತಿ. ತಪ್ಪಿಸಿಕೊಂಡ ದಿನ ಹಾಯೆನಿಸುತ್ತದೆ, ಆ ಹಾಯೇ ಮುಂದಿನ ಪರೀಕ್ಷೆಯ ಭಯವನ್ನು ದುಪ್ಪಟ್ಟು ಮಾಡುತ್ತದೆ. ಆತಂಕಕ್ಕೆ ಚಿಕಿತ್ಸೆ ಕೊಡುವವರು ಹೆದರಿಸುವ ಜಾಗಕ್ಕೆ ಮೆಲ್ಲಮೆಲ್ಲನೆ ಕರೆದೊಯ್ಯುವುದು ಇದಕ್ಕೇ. ಬಾಗಿಲ ಪಕ್ಕದ ಬೆಂಚು ಅವಳನ್ನು ಹಾಲಿನೊಳಗೇ ಉಳಿಸುತ್ತದೆ. ಎಷ್ಟೋ ಸಲ ಎದ್ದು ಹೋಗಬಹುದು ಎಂಬ ಅರಿವೇ ಸಾಕಾಗಿ ಏಳುವ ಪ್ರಸಂಗವೇ ಬರುವುದಿಲ್ಲ.

ಇಷ್ಟಾಗಿಯೂ ವ್ಯವಸ್ಥೆ ಎಡವುವುದು ಪರೀಕ್ಷೆಯ ದಿನ. ಅನುಮತಿ ಕೊಟ್ಟವರು ಮೇಡಂ, ಕೋಣೆಗೆ ಬಂದವರು ಬೇರೆ ವಿಭಾಗದ ಮೇಲ್ವಿಚಾರಕರು. ಅವರಿಗೆ ವಿಷಯವೇ ಗೊತ್ತಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗ ನಲವತ್ತು ಜನರೆದುರು ನಿಂತು ವಿವರಿಸುವುದು ಯಾರಿಂದಾದರೂ ಆದೀತೆ? ಆದ್ದರಿಂದ ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ. ಅರ್ಜಿಯ ಮೇಲೇ ‘ಅನುಮತಿಸಿದೆ’ ಎಂದು ಬರೆಸಿ, ಸಹಿ ಹಾಕಿಸಿ, ಒಂದು ಜೆರಾಕ್ಸ್ ಪ್ರತಿಯನ್ನು ಹಾಲ್ ಟಿಕೆಟ್ಟಿನ ಜೊತೆಗಿಟ್ಟು, ಪ್ರಶ್ನೆಪತ್ರಿಕೆ ಹಂಚುವ ಮೊದಲೇ ಮೇಲ್ವಿಚಾರಕರ ಕೈಗೆ ಕೊಡಬೇಕು.