ಆರ್ಡರ್‌ಗೆ ಇಂಗ್ಲಿಷ್, ಆಪರೇಟರ್‌ಗೆ ಕನ್ನಡ

ಪೀಣ್ಯದಲ್ಲಿ ನಿಮ್ಮದೊಂದು ಮಷೀನ್ ಶಾಪ್ ಇದೆ ಅಂದುಕೊಳ್ಳಿ. ಈ ವಾರ ಲಿಂಕ್ಡ್‌ಇನ್‌ನಲ್ಲಿ ಎರಡು ಪೋಸ್ಟ್ ಹಾಕಬೇಕು. ಒಂದು ಹೊಸ ಆರ್ಡರ್‌ಗಾಗಿ, ಇನ್ನೊಂದು ಆಪರೇಟರ್‌ಗಾಗಿ.

ಆರ್ಡರ್ ಕೊಡೋರು ಪುಣೆಯಲ್ಲೋ ಚೆನ್ನೈನಲ್ಲೋ ಕೂತಿರೋ ಪರ್ಚೇಸ್ ಮ್ಯಾನೇಜರ್. ಅಲ್ಲಿಗೆ ಇಂಗ್ಲಿಷೇ ಸರಿ. ಯಾವ ಲೋಹ, ಎಷ್ಟು ಮೈಕ್ರಾನ್ ಟಾಲರೆನ್ಸ್, ತಿಂಗಳಿಗೆ ಎಷ್ಟು ಪೀಸ್, ಇಷ್ಟು ಮೊದಲೆರಡು ಸಾಲಲ್ಲೇ ಬರಲಿ.

ಆಪರೇಟರ್ ಪೋಸ್ಟ್ ಓದೋದು ತುಮಕೂರಿನ ಐಟಿಐ ಹುಡುಗ. ಎಷ್ಟೋ ಸಲ ಅವನೂ ಅಲ್ಲ, ಅವನಿಗೆ ವಾಟ್ಸಾಪ್‌ನಲ್ಲಿ ಕಳಿಸೋ ಅಕ್ಕನೋ ಮಾವನೋ. ಕನ್ನಡದಲ್ಲೇ ಬರೀರಿ: ಸಂಬಳ ಎಷ್ಟು, ಶಿಫ್ಟ್ ಯಾವುದು, ಓಟಿ ಉಂಟಾ, ರೂಮ್ ಕೊಡ್ತೀರಾ. ಹುದ್ದೆಯ ಹೆಸರು ಮಾತ್ರ VMC Operator ಅಂತಲೇ ಇರಲಿ. ಕೆಲಸ ಹುಡುಕೋರು ಟೈಪ್ ಮಾಡೋದು ಅದನ್ನೇ.

ಎರಡೂ ಭಾಷೆಯನ್ನ ಒಂದೇ ಪೋಸ್ಟಿಗೆ ತುರುಕಬೇಡಿ. ಲಿಂಕ್ಡ್‌ಇನ್ ಮೊದಲ ಕೆಲವು ಸಾಲು ತೋರಿಸಿ ಉಳಿದದ್ದನ್ನ ಮಡಚಿಡುತ್ತೆ. ಕೆಳಗಿರೋ ಭಾಷೆ ಅಲ್ಲೇ ಮುಚ್ಚಿಹೋಗುತ್ತೆ.

ಆಪರೇಟರ್ ಪೋಸ್ಟ್ ತಲುಪಿತಾ ಇಲ್ವಾ ಅಂತ ಕಾಮೆಂಟ್‌ನಲ್ಲೇ ಗೊತ್ತಾಗುತ್ತೆ. "ಸರ್, ನೈಟ್ ಶಿಫ್ಟ್ ಕಡ್ಡಾಯನಾ?" ಅಂತ ಯಾರಾದ್ರೂ ಕೇಳಿದ್ರೆ ತಲುಪಿದೆ. ಬರೀ ಬೇರೆ ಓನರ್‌ಗಳು ಆಲ್ ದ ಬೆಸ್ಟ್ ಅಂದಿದ್ರೆ, ಭಾಷೆ ಸರಿ ಇದ್ರೂ ಜಾಗ ತಪ್ಪಿದೆ. ಆ ಪೋಸ್ಟನ್ನ ಐಟಿಐ ಹುಡುಗರ ವಾಟ್ಸಾಪ್ ಗ್ರೂಪಿಗೆ ಹಾಕಿಸಿ.