ಇಪ್ಪತ್ತೈದು ಕಿಲೋ ಮೂಟೆಗೆ ಮರಳುವ ದಾರಿ

ಬಲಭುಜದ ಸ್ನಾಯುರಜ್ಜು ಸ್ವಲ್ಪ ಹರಿದು, ಆಪರೇಷನ್ ಬೇಡ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ಬಳಿ ಫಿಸಿಯೋಥೆರಪಿಗೆ ಬಂದ ದಿನಸಿ ಅಂಗಡಿಯವರೊಬ್ಬರಿಗೆ ಬರೆದ ಪತ್ರವಿದು. ಅವರ ಒಪ್ಪಿಗೆ ಪಡೆದು ಇಲ್ಲಿ ಕೊಟ್ಟಿದ್ದೇನೆ.



ಆರನೇ ವಾರಕ್ಕೇ ನೋವು ಹೋಯಿತೆಂದು ಎರಡು ಅಕ್ಕಿ ಮೂಟೆ ಎತ್ತಿ ಮೇಲಿನ ಹಲಗೆಗೆ ಹಾಕಿದಿರಿ. ಆ ರಾತ್ರಿ ಬಲಮಗ್ಗುಲಿಗೆ ಹೊರಳಲಾಗಲಿಲ್ಲ. ಇಂದು ನೋಡಿದಾಗ ಕೈ ಪೂರ್ತಿ ಮೇಲೇರಿತು, ಬಲವೂ ಕಳೆದ ವಾರದಷ್ಟೇ ಇತ್ತು. ಹರಿದದ್ದು ದೊಡ್ಡದಾದ ಲಕ್ಷಣ ನನಗೆ ಕಾಣಲಿಲ್ಲ. ಭುಜ ಕೆರಳಿದೆ, ಅಷ್ಟೆ. ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತೋಣ.

ಭುಜದ ಕೀಲಿನಲ್ಲಿ ದೊಡ್ಡ ಗುಂಡೊಂದು ಚಿಕ್ಕ ತಟ್ಟೆಯ ಮೇಲೆ ಕೂತಿದೆ. ಕೈ ಎತ್ತುವಾಗ ಆ ಗುಂಡು ಜಾರದಂತೆ ಸುತ್ತಲಿಂದ ಹಿಡಿದಿಡುವವು ನಾಲ್ಕು ಸಣ್ಣ ಸ್ನಾಯುಗಳು. ನಿಮಗೆ ಪೆಟ್ಟಾಗಿರುವುದು ಅವುಗಳಲ್ಲಿ ಮೇಲಿನದರ ರಜ್ಜುವಿಗೆ. ನೋವು ಬೇಗ ಇಳಿಯುತ್ತದೆ, ರಜ್ಜು ಬಲಗೊಳ್ಳಲು ಮೂರು ತಿಂಗಳಾದರೂ ಬೇಕು. ಈ ನಡುವಿನ ಅವಧಿಯಲ್ಲೇ ಹೆಚ್ಚಿನವರು ಎಡವುವುದು. ಹಾಗಾಗಿ ವಾರ ಎಣಿಸಬೇಡಿ, ಒಂದೊಂದು ಗುರಿ ಮುಟ್ಟಿದ ಮೇಲೆ ಮುಂದಿನದಕ್ಕೆ ಹೋಗಿ.

ಮೊದಲ ಗುರಿಯಲ್ಲಿ ಭಾರವೇ ಇಲ್ಲ. ರಾತ್ರಿ ನೋವಿಗೆ ಎಚ್ಚರವಾಗಬಾರದು. ಕನ್ನಡಿಯ ಮುಂದೆ ನಿಂತು ಎರಡೂ ಕೈಗಳನ್ನು ಒಟ್ಟಿಗೆ ಮೇಲೆತ್ತಿ. ಬಲಭುಜ ಕಿವಿಯತ್ತ ಕುಗ್ಗಿ ಏರಿದರೆ ಸಣ್ಣ ಸ್ನಾಯುಗಳು ಕೆಲಸ ಬಿಟ್ಟಿವೆ, ಕುತ್ತಿಗೆಯ ಸ್ನಾಯು ಅದನ್ನು ಹೊತ್ತುಕೊಂಡಿದೆ ಎಂದರ್ಥ. ಎರಡೂ ಭುಜ ಒಂದೇ ಮಟ್ಟದಲ್ಲಿ ಏರಿದರೆ ಪಾಸು.

ಎರಡನೆಯದು ರಬ್ಬರ್ ಬ್ಯಾಂಡಿನದು. ಮೊಣಕೈ ಮಡಚಿ, ಪಕ್ಕೆ ಮತ್ತು ಮೊಣಕೈ ನಡುವೆ ಮಡಚಿದ ಟವೆಲ್ ಇಟ್ಟು, ಮುಂಗೈಯನ್ನು ನಿಧಾನ ಹೊರಗೆ ತಿರುಗಿಸಿ, ಅದಕ್ಕಿಂತ ನಿಧಾನ ಒಳಗೆ ತನ್ನಿ. ಹದಿನೈದರಂತೆ ಮೂರು ಸಲ, ದಿನ ಬಿಟ್ಟು ದಿನ. ಟವೆಲ್ ಜಾರಿ ಬಿದ್ದರೆ ಬ್ಯಾಂಡ್ ನಿಮಗೆ ಬಿಗಿಯಾಯಿತು, ಸಡಿಲದ್ದು ತೆಗೆದುಕೊಳ್ಳಿ. ನೀವು ಈಗ ಇಳಿದಿರುವುದು ಈ ಮೆಟ್ಟಿಲಿಗೆ.

ಇಲ್ಲಿಂದ ಮುಂದಕ್ಕೆಲ್ಲ ತೀರ್ಪು ಕೊಡುವುದು ಮರುದಿನದ ಬೆಳಗು. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ, ವ್ಯಾಯಾಮದ ಹೊತ್ತಿನಲ್ಲಿ ಮೂರರವರೆಗಿನ ನೋವು ಪರವಾಗಿಲ್ಲ. ಬೆಳಗ್ಗೆ ಅಂಗಿ ತೊಡುವಾಗ ಭುಜ ನಿನ್ನೆ ಬೆಳಗಿನಂತೆಯೇ ಇದ್ದರೆ ಭಾರ ಸರಿಯಿತ್ತು. ಹೆಚ್ಚು ಬಿಗಿದಿದ್ದರೆ ಎರಡು ದಿನ ಭಾರ ಅರ್ಧಕ್ಕಿಳಿಸಿ. ಪೂರ್ತಿ ನಿಲ್ಲಿಸಬೇಡಿ, ನಿಲ್ಲಿಸಿದರೆ ರಜ್ಜು ಇನ್ನಷ್ಟು ಸೋಲುತ್ತದೆ.

ಮೂರನೆಯದು ಸೊಂಟದಿಂದ ಎದೆಯ ಮಟ್ಟಕ್ಕೆ ಎತ್ತುವುದು. ಅಂಗಡಿಯಲ್ಲಿರುವ ಐದು ಕಿಲೋ ಗೋಧಿಹಿಟ್ಟಿನ ಚೀಲ ಸಾಕು. ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿಯಿರಿ. ಭುಜದಿಂದ ಒಂದು ಗೇಣು ದೂರದಲ್ಲಿ ಹಿಡಿದ ಚೀಲವನ್ನೇ ಮೂರು ಗೇಣು ಚಾಚಿ ಹಿಡಿದರೆ ಭುಜದ ಮೇಲಿನ ಎಳೆತ ಮೂರು ಪಟ್ಟಾಗುತ್ತದೆ. ಆವತ್ತು ನೀವು ಗಲ್ಲಾಪೆಟ್ಟಿಗೆಯ ಆಚೆಯಿಂದ ಕೈ ಚಾಚಿ ಮೂಟೆ ಎಳೆದುಕೊಂಡಿರಿ, ಪೆಟ್ಟು ಬಿದ್ದದ್ದು ಅಲ್ಲೇ ಎಂದು ನನ್ನ ಅಂದಾಜು. ಹತ್ತರಂತೆ ಮೂರು ಸಲ ಎತ್ತಿ. ಸತತ ಮೂರು ಸರದಿಯಲ್ಲಿ ಬೆಳಗಿನ ಪರೀಕ್ಷೆ ಪಾಸಾದರೆ ಹತ್ತು ಕಿಲೋಗೆ ಹೋಗಿ.

ನಾಲ್ಕನೆಯದು ತಲೆಯ ಮೇಲಿನ ಕೆಲಸ, ಎಲ್ಲಕ್ಕಿಂತ ನಿಧಾನ. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕಿಲೋ. ಅದನ್ನು ಬಲಗೈಯಿಂದ ಹತ್ತು ಸಲ ಮೇಲಿನ ಹಲಗೆಯಲ್ಲಿಟ್ಟು ಇಳಿಸಿ. ಆಮೇಲೆ ಎರಡು ಲೀಟರಿನದು, ಆಮೇಲೆ ಎರಡೂ ಕೈಯಲ್ಲಿ ಐದು ಕಿಲೋ. ಎಂಟನೆಯ ಸಲಕ್ಕೆ ಭುಜ ಕಿವಿಗೆ ಹತ್ತಿರವಾದರೆ ಆ ದಿನಕ್ಕೆ ಏಳೇ ಸಾಕು.

ಮೂಟೆಯ ಸರದಿ ಕೊನೆಗೆ. ಅದಕ್ಕೂ ಮುಂಚೆ ಕ್ಲಿನಿಕ್ಕಿಗೆ ಬನ್ನಿ, ಉಪಕರಣದಲ್ಲಿ ಎರಡೂ ಕೈಗಳ ಬಲ ಅಳೆಯುತ್ತೇನೆ. ಬಲಗೈ ಎಡಗೈಯ ನೂರಕ್ಕೆ ತೊಂಬತ್ತರಷ್ಟು ಬಂದಿದ್ದರೆ ನೆಲದಿಂದ ಸೊಂಟಕ್ಕೆ ಇಪ್ಪತ್ತೈದು ಕಿಲೋ ಎತ್ತಬಹುದು. ಮೊದಲ ವಾರ ದಿನಕ್ಕೆ ಎರಡು, ಮರುವಾರ ನಾಲ್ಕು. ಇಲ್ಲಿಗೆ ಬರಲು ಒಟ್ಟು ನಾಲ್ಕು ತಿಂಗಳು ಹಿಡಿಯಬಹುದು. ಒಬ್ಬರೇ ಮೂಟೆಯನ್ನು ತಲೆಯ ಮೇಲಿನ ಹಲಗೆಗೆ ಹಾಕಲು ಮಾತ್ರ ನಾನು ಒಪ್ಪಿಗೆ ಕೊಡುವುದಿಲ್ಲ. ಅಕ್ಕಿಯನ್ನು ಸೊಂಟದ ಮಟ್ಟಕ್ಕಿಳಿಸಿ, ಹಪ್ಪಳ, ಅವಲಕ್ಕಿ ಮೇಲಕ್ಕೆ ಹೋಗಲಿ.

ಎತ್ತುವಾಗ ಟಪ್ಪೆಂದು ಸದ್ದಾಗಿ ಕೈ ಮೇಲೇಳದಿದ್ದರೆ, ಅಥವಾ ಬೆರಳು ಜೋಮು ಹಿಡಿದು ಬಿಡದಿದ್ದರೆ, ಬೆಳಗಿನವರೆಗೆ ಕಾಯದೆ ಡಾಕ್ಟರ ಬಳಿ ಹೋಗಿ. ನೋವಿನ ಜೊತೆ ಎದೆ ಬಿಗಿದು ಬೆವರಿದರೆ ಅದನ್ನು ಭುಜದ ನೋವೆಂದುಕೊಳ್ಳದೆ ನೇರ ಆಸ್ಪತ್ರೆಗೆ ಹೋಗಿ.

ಈ ವಾರ ಬ್ಯಾಂಡು, ಟವೆಲ್ಲು ಎರಡೇ. ಶನಿವಾರ ಬರುವಾಗ ಪ್ರತಿ ಬೆಳಗಿನ ನೋವಿನ ಅಂಕಿಯನ್ನು ಬರೆದಿಟ್ಟುಕೊಂಡು ತನ್ನಿ.